ರಾಗಿ ಗಂಜಿಗೆ ಹಾಲೋ ನೀರೋ? ಮಕ್ಕಳ ಕ್ಯಾಲ್ಸಿಯಂ, ಪ್ರೊಟೀನ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ತಾಯಂದಿರು, ಅಜ್ಜಿಯಂದಿರು, ಕೆಲವೊಮ್ಮೆ ಅಪ್ಪಂದಿರೂ ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ರಾಗಿ ಮತ್ತು ಹಾಲಿನ ಅಂಕಿಗಳು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಸಂಯೋಜನೆ ಪಟ್ಟಿಯವು. ಬಟ್ಟಲಿನ ಲೆಕ್ಕ ಮಾಡುವಾಗ ಅವನ್ನು ಸುಲಭವಾಗಲೆಂದು ಸ್ವಲ್ಪ ದುಂಡಾಗಿಸಿದ್ದೇನೆ.

## ಮೊದಲ ಪ್ರಶ್ನೆಗಳು

ರಾಗಿಯಲ್ಲಿ ಹಾಲಿಗಿಂತ ಮೂರು ಪಟ್ಟು ಕ್ಯಾಲ್ಸಿಯಂ ಇದೆ ಎನ್ನುತ್ತಾರೆ. ಹಾಗಾದರೆ ನೀರಿನಲ್ಲೇ ಗಂಜಿ ಮಾಡಿ ಕೊಟ್ಟರೆ ಸಾಕಲ್ಲವೇ?

ಮೂರು ಪಟ್ಟು ಎಂಬುದು ಸುಳ್ಳಲ್ಲ. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, 100 ಗ್ರಾಂ ಹಸುವಿನ ಹಾಲಿನಲ್ಲಿ 118. ಆದರೆ ಇಲ್ಲಿ ಒಣ ಹಿಟ್ಟನ್ನು ಹಸಿ ಹಾಲಿನ ಜೊತೆ ತೂಗಿದ್ದೇವೆ. ಯಾವ ಮಗುವೂ ಒಂದು ಹೊತ್ತಿಗೆ 100 ಗ್ರಾಂ ರಾಗಿ ಹಿಟ್ಟಿನ ಗಂಜಿ ಕುಡಿಯುವುದಿಲ್ಲ. ಅಷ್ಟು ಹಿಟ್ಟು ಹಾಕಿದರೆ ಪಾತ್ರೆಯಲ್ಲಿ ಗಂಜಿ ಇರುವುದಿಲ್ಲ, ಮುದ್ದೆ ಇರುತ್ತದೆ. ಒಂದು ಬಟ್ಟಲು ಗಂಜಿಗೆ ಬೀಳುವುದು ಎರಡು ದೊಡ್ಡ ಚಮಚ, ಅಂದರೆ ಸುಮಾರು 15 ಗ್ರಾಂ ಹಿಟ್ಟು. ಅದರಲ್ಲಿರುವ ಕ್ಯಾಲ್ಸಿಯಂ 55 ಮಿಲಿಗ್ರಾಂ. ಉಳಿದದ್ದೆಲ್ಲ ನೀರು.

ರಾಗಿಗೆ ಈ ಹೆಸರು ಬಂದದ್ದು ಮುದ್ದೆಯ ಸೀಮೆಯಲ್ಲಿ. ಮಂಡ್ಯ, ತುಮಕೂರು, ಕೋಲಾರದ ಕಡೆ ಎರಡು ಹೊತ್ತು ಮುದ್ದೆ ಉಣ್ಣುವವರಿಗೆ ರಾಗಿಯಿಂದಲೇ ಸಾಕಷ್ಟು ಕ್ಯಾಲ್ಸಿಯಂ ಸಿಗುತ್ತದೆ, ಏಕೆಂದರೆ ಅವರ ಹೊಟ್ಟೆಗೆ ಹೋಗುವ ಹಿಟ್ಟಿನ ಪ್ರಮಾಣವೇ ದೊಡ್ಡದು. ನಮ್ಮ ಕರಾವಳಿಯಲ್ಲಿ ಊಟವೆಂದರೆ ಕುಚ್ಚಲಕ್ಕಿ ಅನ್ನ, ತಿಂಡಿಯೆಂದರೆ ನೀರುದೋಸೆ, ಪುಂಡಿ, ಸೇಮಿಗೆ. ಎಲ್ಲವೂ ಅಕ್ಕಿಯೇ, ಅಕ್ಕಿಯಲ್ಲಿ ಕ್ಯಾಲ್ಸಿಯಂ ನಾಮಮಾತ್ರ. ರಾಗಿ ಕಾಣಿಸುವುದು ಮಗುವಿನ ಬಟ್ಟಲಿನಲ್ಲಿ ಮಾತ್ರ. ಆದ್ದರಿಂದ ಘಟ್ಟದ ಮೇಲಿನ ಮಾತನ್ನು ಇಲ್ಲಿನ ತೆಳು ಗಂಜಿಗೆ ಹಾಗೆಯೇ ಹೊಂದಿಸಲಾಗದು.

ಹಾಲಿನಲ್ಲಿ, ಅರ್ಧ ಹಾಲಿನಲ್ಲಿ, ನೀರಿನಲ್ಲಿ ಮಾಡಿದರೆ ನಿಜವಾಗಿ ಎಷ್ಟು ವ್ಯತ್ಯಾಸವಾಗುತ್ತದೆ? ಲೆಕ್ಕ ಹೇಳಿ.

ನಾಲ್ಕೂವರೆ ವರ್ಷದ, ಎಲ್‌ಕೆಜಿಗೆ ಹೋಗುವ ಒಂದು ಮಗುವನ್ನು ತೆಗೆದುಕೊಳ್ಳೋಣ. ನಾಲ್ಕರಿಂದ ಆರು ವರ್ಷದವರಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 550 ಮಿಲಿಗ್ರಾಂ, ಪ್ರೊಟೀನ್ ಸುಮಾರು 16 ಗ್ರಾಂ. ಬೆಳಿಗ್ಗೆ ಒಂದು ಬಟ್ಟಲು ಗಂಜಿ, 15 ಗ್ರಾಂ ಹಿಟ್ಟು, 200 ಮಿ.ಲೀ. ದ್ರವ.

ಪೂರ್ತಿ ನೀರಿನಲ್ಲಿ ಮಾಡಿದರೆ ಕ್ಯಾಲ್ಸಿಯಂ 55 ಮಿಲಿಗ್ರಾಂ, ಪ್ರೊಟೀನ್ ಒಂದು ಗ್ರಾಂಗಿಂತ ತುಸು ಹೆಚ್ಚು. ಅಂದರೆ ಕ್ಯಾಲ್ಸಿಯಂ ಅಗತ್ಯದ ಹತ್ತನೇ ಒಂದು ಭಾಗ, ಪ್ರೊಟೀನ್ ಅದಕ್ಕಿಂತಲೂ ಕಡಿಮೆ.

ಅರ್ಧ ಹಾಲು, ಅರ್ಧ ನೀರಾದರೆ 100 ಮಿ.ಲೀ. ಹಾಲಿನಿಂದ ಸುಮಾರು 118 ಮಿಲಿಗ್ರಾಂ ಕ್ಯಾಲ್ಸಿಯಂ, ಮೂರು ಗ್ರಾಂಗಿಂತ ತುಸು ಹೆಚ್ಚು ಪ್ರೊಟೀನ್ ಸೇರುತ್ತದೆ. ಒಟ್ಟು 170 ಮಿಲಿಗ್ರಾಂ ದಾಟುತ್ತದೆ. ಪ್ರೊಟೀನ್ ನಾಲ್ಕು ಗ್ರಾಂ ಮೀರುತ್ತದೆ. ದಿನದ ಕ್ಯಾಲ್ಸಿಯಂನ ಮೂರನೇ ಒಂದು ಭಾಗಕ್ಕೆ ಸ್ವಲ್ಪವೇ ಕಡಿಮೆ, ಪ್ರೊಟೀನ್ ಕಾಲು ಭಾಗ.

ಪೂರ್ತಿ ಹಾಲಿನಲ್ಲಾದರೆ ಕ್ಯಾಲ್ಸಿಯಂ 290 ಮಿಲಿಗ್ರಾಂ, ಪ್ರೊಟೀನ್ ಏಳೂವರೆ ಗ್ರಾಂ. ಎರಡೂ ದಿನದ ಅಗತ್ಯದ ಅರ್ಧದ ಹತ್ತಿರ.

ಈ ಲೆಕ್ಕದಲ್ಲಿ ಗಮನಿಸಬೇಕಾದದ್ದು ಒಂದೇ: ಮೂರೂ ಬಟ್ಟಲುಗಳಲ್ಲಿ ರಾಗಿಯ ಪಾಲು ಒಂದೇ 55. ಬದಲಾದದ್ದು ಹಾಲು ಮಾತ್ರ. ಹಾಲಿನ ಗಂಜಿಯನ್ನು ನಾವು ರಾಗಿಯ ಹೆಸರಿನಲ್ಲಿ ಹೊಗಳುತ್ತೇವೆ, ಕೆಲಸ ಮಾಡುವುದು ಬಹುಪಾಲು ಹಾಲು.

ಹಾಲು ಹಾಕಿ ಮಾಡುವಾಗ ಗಂಟಾಗುತ್ತದೆ, ತಳ ಹಿಡಿಯುತ್ತದೆ, ಬೆಲ್ಲ ಹಾಕಿದರೆ ಒಡೆಯುತ್ತದೆ. ಸರಿಯಾದ ಕ್ರಮ ಯಾವುದು?

ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿ. ಬಿಸಿ ಹಾಲಿಗೆ ನೇರವಾಗಿ ಹಿಟ್ಟು ಸುರಿದರೆ ಹೊರಪದರ ಬೆಂದು ಒಳಗೆ ಹಸಿ ಹಿಟ್ಟು ಉಳಿದು ಗಂಟಾಗುತ್ತದೆ. ಕದಡಿದ್ದನ್ನು ನೀರಿನಲ್ಲೇ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಕೈಬಿಡದೆ ಬೇಯಿಸಿ. ಬಣ್ಣ ಕಪ್ಪಾಗಿ ಹೊಳಪು ಬಂದು, ಹಸಿ ವಾಸನೆ ಹೋದಾಗ ರಾಗಿ ಬೆಂದಿದೆ ಎಂದು ತಿಳಿಯಬಹುದು. ಆಮೇಲೆ ಕಾಯಿಸಿಟ್ಟ ಹಾಲು ಸೇರಿಸಿ ಎರಡು ಮೂರು ನಿಮಿಷ ಕುದಿಸಿದರೆ ಸಾಕು. ಬೆಲ್ಲವನ್ನು ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಹಾಕಿ. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಅದರ ಹುಳಿಗೆ ಹಾಲು ಒಡೆಯಬಹುದು.

ಪೂರ್ತಿ ಹಾಲಿನ ಗಂಜಿ ಬೇಕೆಂದಾದರೆ ರಾಗಿಯನ್ನು ಅರ್ಧ ಲೋಟ ನೀರಿನಲ್ಲಿ ಗಟ್ಟಿಯಾಗಿ ಬೇಯಿಸಿಕೊಂಡು ಆಮೇಲೆ ಲೆಕ್ಕದ 200 ಮಿ.ಲೀ. ಹಾಲನ್ನು ಪೂರ್ತಿ ಸೇರಿಸಿ ತೆಳು ಮಾಡಿ.

ಹಾಲು ಹೆಚ್ಚು ಹೊತ್ತು ಕುದಿದರೆ ಕ್ಯಾಲ್ಸಿಯಂ ಹೋಗುವುದಿಲ್ಲವೇ?

ಇಲ್ಲ. ಕ್ಯಾಲ್ಸಿಯಂ ಖನಿಜ, ಕುದಿಸಿದರೆ ಆವಿಯಾಗುವುದಿಲ್ಲ. ಪಾತ್ರೆಯ ತಳಕ್ಕೆ ಹಿಡಿದು ನೀವು ಉಜ್ಜಿ ತೊಳೆಯುವ ಪದರದ ಜೊತೆ ಹೋಗುವುದಷ್ಟೇ ನಷ್ಟ.

ನಂದಿನಿಯ ನೀಲಿ ಪ್ಯಾಕೆಟ್ ಸಾಕೇ, ದಪ್ಪ ಹಾಲೇ ಬೇಕೇ?

ಕ್ಯಾಲ್ಸಿಯಂ ಮತ್ತು ಪ್ರೊಟೀನ್ ಹಾಲಿನ ಕೊಬ್ಬಿನಲ್ಲಿ ಇರುವುದಿಲ್ಲ, ಉಳಿದ ಭಾಗದಲ್ಲಿ ಇರುತ್ತವೆ. ಆದ್ದರಿಂದ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಿಂದ ಇವೆರಡರಲ್ಲಿ ನಷ್ಟವಿಲ್ಲ. ತೂಕ ಕಡಿಮೆ ಇರುವ ಮಗುವಿಗೆ ದಪ್ಪ ಹಾಲು ಕೊಟ್ಟರೆ ಸಿಗುವ ಲಾಭ ಕ್ಯಾಲರಿಯದ್ದು. ನಷ್ಟವಾಗುವುದು ನೀರು ಬೆರೆಸಿದಾಗ. "ಮಗುವಿಗೆ ಜೀರ್ಣವಾಗಲಿ" ಎಂದು ಒಂದು ಪಾಲು ಹಾಲಿಗೆ ಎರಡು ಪಾಲು ನೀರು ಸೇರಿಸಿ, ಅದನ್ನೇ "ಹಾಲಿನ ಗಂಜಿ" ಎನ್ನುವ ಮನೆಗಳು ಬಹಳ. ಅಲ್ಲಿ 200 ಮಿ.ಲೀ.ನಲ್ಲಿ ನಿಜವಾದ ಹಾಲು 70 ಮಿ.ಲೀ. ಕೂಡ ಇರುವುದಿಲ್ಲ.

## ನಮ್ಮ ಕಡೆಯ ಅಡುಗೆಯ ಪ್ರಶ್ನೆಗಳು

ಅತ್ತೆಯವರು ರಾಗಿ ನೆನೆಸಿ, ಅರೆದು, ಬಟ್ಟೆಯಲ್ಲಿ ಸೋಸಿ ಮಣ್ಣಿ ಮಾಡುತ್ತಾರೆ. ಅದು ಹಿಟ್ಟಿನ ಗಂಜಿಗಿಂತ ಒಳ್ಳೆಯದೇ?

ಹೊಟ್ಟೆಗೆ ಹಗುರ, ಆದರೆ ಕ್ಯಾಲ್ಸಿಯಂ ವಿಷಯದಲ್ಲಿ ಹಿಂದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ಪ್ರಶ್ನೆ ನಮ್ಮ ಜಿಲ್ಲೆಗಳದ್ದೇ.

ರಾಗಿಯ ಕಾಳು ತೀರಾ ಸಣ್ಣದು. ಅದರ ಕೆಂಪು ಹೊಟ್ಟು ಕಾಳಿಗೆ ಅಂಟಿಕೊಂಡಿರುತ್ತದೆ, ಕ್ಯಾಲ್ಸಿಯಂ ದಟ್ಟವಾಗಿರುವುದು ಆ ಹೊಟ್ಟಿನಲ್ಲೇ. ನೆನೆಸಿ ಅರೆದ ರಾಗಿಯನ್ನು ತೆಳುಬಟ್ಟೆಯಲ್ಲಿ ಹಿಂಡಿದಾಗ ಕೆಳಗಿಳಿಯುವ ಬಿಳಿಚು ಹಾಲಿನಲ್ಲಿ ಮುಖ್ಯವಾಗಿ ಪಿಷ್ಟ ಇರುತ್ತದೆ. ಬಟ್ಟೆಯಲ್ಲಿ ಉಳಿದು ದನದ ಅಕ್ಕಚ್ಚಿಗೆ ಹೋಗುವ ಚರಟದಲ್ಲಿ ಕ್ಯಾಲ್ಸಿಯಂನ ದೊಡ್ಡ ಪಾಲು, ಪ್ರೊಟೀನಿನ ಒಂದಷ್ಟು ಪಾಲು ಇರುತ್ತದೆ. ಆದ್ದರಿಂದ ಸೋಸಿದ ರಾಗಿಗೆ ಮೇಲಿನ 364ರ ಅಂಕಿಯನ್ನು ಹಚ್ಚುವುದು ತಪ್ಪು.

ಆದರೆ ಅತ್ತೆಯವರ ಕ್ರಮಕ್ಕೂ ಕಾರಣವಿದೆ. ಖನಿಜಗಳನ್ನು ಕಟ್ಟಿಹಾಕುವ ಫೈಟೇಟ್ ಮತ್ತು ಟ್ಯಾನಿನ್ ಕೂಡ ಅದೇ ಹೊಟ್ಟಿನಲ್ಲಿವೆ. ಆರೇಳು ತಿಂಗಳ ಕೂಸಿಗೆ ಒರಟು ನಾರು ಕಷ್ಟ. ಹೊಸದಾಗಿ ಅನ್ನ ಮುಟ್ಟಿದ ಕೂಸಿಗೆ ಸೋಸಿದ ಮಣ್ಣಿ ಇರಲಿ. ಎಂಟೊಂಬತ್ತು ತಿಂಗಳ ಹೊತ್ತಿಗೆ ಬಟ್ಟೆ ಬಿಟ್ಟು ಸ್ಟೀಲಿನ ಜರಡಿಗೆ ಬನ್ನಿ, ವರ್ಷ ತುಂಬಿದ ಮೇಲೆ ಇಡೀ ಕಾಳಿನ ಹಿಟ್ಟು. ಮೂರು ವರ್ಷದ ಮಗುವಿಗೂ ಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದರೆ ಅದು ಪ್ರೀತಿಯ ಶ್ರಮ, ಪೋಷಣೆಯ ಲೆಕ್ಕದಲ್ಲಿ ವ್ಯರ್ಥ.

ನಾವು ದನದ ಹಾಲಿನ ಬದಲು ತೆಂಗಿನ ಹಾಲು ಹಾಕುತ್ತೇವೆ. ಅದೂ ಹಾಲೇ ಅಲ್ಲವೇ?

ಹೆಸರಿನಲ್ಲಿ ಮಾತ್ರ. ಗಟ್ಟಿ ತೆಂಗಿನ ಹಾಲಿನ 100 ಮಿ.ಲೀ.ನಲ್ಲಿ ಕ್ಯಾಲ್ಸಿಯಂ 15ರಿಂದ 20 ಮಿಲಿಗ್ರಾಂ ಆಸುಪಾಸು, ಪ್ರೊಟೀನ್ ಎರಡು ಗ್ರಾಂ ಆಸುಪಾಸು. ಎರಡನೆಯ, ಮೂರನೆಯ ಹಾಲಿನಲ್ಲಿ ಇನ್ನೂ ಕಡಿಮೆ. ಅದು ಕೊಡುವುದು ಕೊಬ್ಬು ಮತ್ತು ರುಚಿ. ತೂಕ ಏರದ ಮಗುವಿಗೆ ಅದರಿಂದ ಉಪಯೋಗವಿದೆ, ಮಣ್ಣಿಯ ಪರಿಮಳವೂ ಅದರದ್ದೇ. ಆದರೆ ತೆಂಗಿನ ಹಾಲು ಮತ್ತು ಬೆಲ್ಲದ ಮಣ್ಣಿಯನ್ನು "ಹಾಲು ಹಾಕಿದ ರಾಗಿ" ಎಂದು ಎಣಿಸಬೇಡಿ. ಕ್ಯಾಲ್ಸಿಯಂ ಲೆಕ್ಕದಲ್ಲಿ ಅದು ನೀರಿನ ಗಂಜಿಯ ಪಕ್ಕದಲ್ಲೇ ಕೂರುತ್ತದೆ.

ಮಳೆಗಾಲದಲ್ಲಿ ಹಾಲು ಕೊಟ್ಟರೆ ಕಫವಾಗುತ್ತದೆ, ರಾಗಿ ಬೇರೆ ತಂಪು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿನಲ್ಲೇ ಮಾಡಲೇ?

ಹಾಲು ಕುಡಿದಾಗ ಬಾಯಿ, ಗಂಟಲಿನಲ್ಲಿ ಜಿಗುಟಾದ ಅನುಭವ ಆಗುತ್ತದೆ. ಅದನ್ನೇ ಕಫ ಎಂದುಕೊಳ್ಳುತ್ತೇವೆ. ಮಳೆಗಾಲದ ನೆಗಡಿ ಬರುವುದು ವೈರಸ್‌ನಿಂದ, ಬಾಗಿಲು ಮುಚ್ಚಿದ ತರಗತಿಯಲ್ಲಿ ಒಬ್ಬರಿಂದ ಒಬ್ಬರಿಗೆ. ಬೆಚ್ಚಗಿನ ಹಾಲಿನ ಗಂಜಿಯನ್ನು ನಾಲ್ಕು ತಿಂಗಳು ನಿಲ್ಲಿಸಬೇಕಿಲ್ಲ. ಜ್ವರ, ಕೆಮ್ಮು ಇದ್ದು ಮಗು ತಾನೇ ಹಾಲು ಬೇಡವೆಂದರೆ ಎರಡು ದಿನ ತೆಳು ಗಂಜಿ ಕೊಡಿ, ಆಮೇಲೆ ಮೊದಲಿನಂತೆ ಮಾಡಿ.

ಮೊಳಕೆ ಬರಿಸಿದ ರಾಗಿ ಹಿಟ್ಟು ನಿಜವಾಗಿ ಮೇಲೇ? ಮನೆಯಲ್ಲಿ ಮಾಡಿದರೆ ಬೂಸು ಬರುತ್ತದೆ.

ಮೇಲು, ಎರಡು ಕಾರಣಕ್ಕೆ. ಮೊಳಕೆಯೊಡೆಯುವಾಗ ಫೈಟೇಟ್ ಕಡಿಮೆಯಾಗುವುದರಿಂದ ಇದ್ದ ಕ್ಯಾಲ್ಸಿಯಂ ಹೆಚ್ಚು ಬಿಡುಗಡೆಯಾಗುತ್ತದೆ. ಇನ್ನೊಂದು ಕಾರಣ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ: ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ತುಂಡರಿಸುವುದರಿಂದ ಗಂಜಿ ದಪ್ಪವಾಗುವುದಿಲ್ಲ. ಮಾಮೂಲಿ ಹಿಟ್ಟು 15 ಗ್ರಾಂ ಹಾಕಿದಲ್ಲಿ ಮೊಳಕೆ ಹಿಟ್ಟು 25 ಗ್ರಾಂ ಹಾಕಿದರೂ ಮಗು ಕುಡಿಯುವಷ್ಟು ತೆಳುವಾಗಿರುತ್ತದೆ. ಆಗ ರಾಗಿಯ ಪಾಲು 55ರಿಂದ 90 ಮಿಲಿಗ್ರಾಂಗೆ ಏರುತ್ತದೆ.

ಬೂಸು ಬರುವುದು ನಮ್ಮ ಗಾಳಿಯ ತೇವದಿಂದ. ರಾತ್ರಿಯಿಡೀ ನೆನೆಸಿ, ನೀರು ಪೂರ್ತಿ ಬಸಿದು, ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ದಿನಕ್ಕೆರಡು ಬಾರಿ ಬಿಚ್ಚಿ ತೊಳೆದು ಬಸಿಯಿರಿ. ಒಂದೂವರೆ, ಎರಡು ದಿನಕ್ಕೆ ಸಣ್ಣ ಬಿಳಿ ಮೊಳಕೆ ಕಂಡ ಕೂಡಲೇ ನಿಲ್ಲಿಸಿ ಬಿಸಿಲಿಗೆ ಹರಡಿ. ಗರಿಗರಿಯಾಗಿ ಒಣಗಿದ ಮೇಲೆ ಉಜ್ಜಿ ಮೊಳಕೆಯ ಬಾಲ ತೆಗೆದು, ಬೆಚ್ಚಗಾಗುವಷ್ಟೇ ಹುರಿದು ಬೀಸಿಸಿ. ಜೋರಾಗಿ ಹುರಿದರೆ ಕಿಣ್ವ ಸಾಯುತ್ತದೆ, ಗಂಜಿ ಮತ್ತೆ ದಪ್ಪವಾಗುತ್ತದೆ. ಮೊಳಕೆಗೆ ಹಸಿರು ಅಥವಾ ಬೂದು ನೂಲು ಹಿಡಿದಿದ್ದರೆ, ಮುಗ್ಗಲು ವಾಸನೆ ಬಂದರೆ ತೊಳೆದು ಉಳಿಸಿಕೊಳ್ಳುವ ಯೋಚನೆ ಬೇಡ, ಎಸೆಯಿರಿ. ಈ ಕೆಲಸವನ್ನು ಏಪ್ರಿಲ್, ಮೇ ಬಿಸಿಲಿನಲ್ಲಿ ಮುಗಿಸಿ, ಮಳೆಗಾಲದ ಹಿಟ್ಟನ್ನು ಫ್ರಿಜ್ಜಿನಲ್ಲಿ ಇಡುವುದು ಜಾಣತನ.

## ವಯಸ್ಸು ಮತ್ತು ಒಗ್ಗದ ಹಾಲು

ಏಳು ತಿಂಗಳ ಕೂಸಿಗೆ ರಾಗಿಯನ್ನು ಹಾಲಿನಲ್ಲಿ ಮಾಡಬಹುದೇ?

ಈ ವಯಸ್ಸಿನಲ್ಲಿ ನೀರಿನ ಗಂಜಿಯೇ ಸರಿ. ವರ್ಷ ತುಂಬುವ ಮೊದಲು ದನದ ಹಾಲನ್ನು ಎದೆಹಾಲಿನ ಜಾಗದಲ್ಲಿ ಕುಡಿಸಬಾರದು: ಅದರಲ್ಲಿ ಕಬ್ಬಿಣ ತೀರಾ ಕಡಿಮೆ, ಕೆಲವು ಕೂಸುಗಳ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರುವಂತೆ ಮಾಡುತ್ತದೆ, ಮೂತ್ರಪಿಂಡಕ್ಕೂ ಹೊರೆ. ಗಂಜಿಗೆ ಒಂದೆರಡು ಚಮಚ ಬಿದ್ದರೆ ಅನಾಹುತವಿಲ್ಲ, ಆದರೆ ಅದರ ಅಗತ್ಯವೂ ಇಲ್ಲ. ಬೆಂದ ಗಂಜಿ ಆರಿದ ಮೇಲೆ ಹಿಂಡಿದ ಎದೆಹಾಲು ಬೆರೆಸಿ. ಎದೆಹಾಲಿನಲ್ಲೂ ಅಮೈಲೇಸ್ ಇರುವುದರಿಂದ ಗಂಜಿ ತಾನಾಗಿ ತೆಳುವಾಗುತ್ತದೆ. ನೀರು ಸುರಿದು ತೆಳು ಮಾಡಬೇಕಾಗುವುದಿಲ್ಲ. ಮೇಲೆ ಅರ್ಧ ಚಮಚ ತುಪ್ಪ. ಬೆಲ್ಲ, ಸಕ್ಕರೆ ಬೇಡ.

ಮಗಳಿಗೆ ಹಾಲು ಆಗುವುದಿಲ್ಲ, ವಾಂತಿ ಮಾಡುತ್ತಾಳೆ. ನೀರಿನ ಗಂಜಿಗೆ ಏನು ಸೇರಿಸಿದರೆ ಹಾಲಿಗೆ ಸಮನಾಗುತ್ತದೆ?

ಮೊದಲು ಕಾರಣ ತಿಳಿಯಬೇಕು. ಮೈಮೇಲೆ ದದ್ದು, ತುಟಿ ಊತ, ಮಲದಲ್ಲಿ ರಕ್ತ ಕಂಡರೆ ಅದು ಹಾಲಿನ ಅಲರ್ಜಿ ಇರಬಹುದು. ಮಕ್ಕಳ ವೈದ್ಯರಿಗೆ ತೋರಿಸುವವರೆಗೆ ಮೊಸರು, ಮಜ್ಜಿಗೆಯೂ ಬೇಡ. ಹೊಟ್ಟೆ ಉಬ್ಬರ, ಭೇದಿ ಮಾತ್ರ ಆಗುತ್ತಿದ್ದರೆ ಹಾಲಿನ ಸಕ್ಕರೆ ಅರಗದಿರುವುದು ಕಾರಣವಿರಬಹುದು. ಅಂಥ ಮಕ್ಕಳಲ್ಲಿ ಅನೇಕರಿಗೆ ಮೊಸರು ಒಗ್ಗುತ್ತದೆ. ಆರಿದ ರಾಗಿ ಗಂಜಿಗೆ ಗಟ್ಟಿ ಮೊಸರು ಕಡೆದು ಹಾಕಿ, ಚಿಟಿಕೆ ಉಪ್ಪು ಸೇರಿಸಿದರೆ ಅಂಬಲಿಯ ರುಚಿ ಬರುತ್ತದೆ. 100 ಗ್ರಾಂ ಮೊಸರು ಹೆಚ್ಚುಕಡಿಮೆ ಅಷ್ಟೇ ಹಾಲಿಗೆ ಸಮ. ನೀರು ಮಜ್ಜಿಗೆಗೆ ಈ ಮಾತು ಅನ್ವಯಿಸುವುದಿಲ್ಲ.

ಹಾಲಿನ ಯಾವುದೂ ಆಗದಿದ್ದರೆ ಪ್ರೊಟೀನ್ ಮತ್ತು ಕ್ಯಾಲ್ಸಿಯಂ ಎರಡನ್ನೂ ಬೇರೆ ಬೇರೆಯಾಗಿ ಹುಡುಕಬೇಕು. ಹುರಿದ ಹೆಸರುಬೇಳೆಯ ಹಿಟ್ಟನ್ನು ರಾಗಿಯ ಅರ್ಧದಷ್ಟು ಸೇರಿಸಿದರೆ ಬಟ್ಟಲಿನ ಪ್ರೊಟೀನ್ ಒಂದು ಗ್ರಾಂನಿಂದ ಮೂರಕ್ಕೆ ಹತ್ತಿರವಾಗುತ್ತದೆ. ಕ್ಯಾಲ್ಸಿಯಂ ಮಾತ್ರ ಅದರಿಂದ ಹೆಚ್ಚುವುದಿಲ್ಲ. ಒಂದು ಸಣ್ಣ ಚಮಚ ಹುರಿದ ಎಳ್ಳಿನ ಪುಡಿಯಿಂದ 40 ಮಿಲಿಗ್ರಾಂ ಆಸುಪಾಸು ಸಿಗುತ್ತದೆ, ಆದರೆ ಅದರ ಸಿಪ್ಪೆಯ ಆಕ್ಸಲೇಟ್ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೀನು ತಿನ್ನುವ ಮನೆಯಾದರೆ ಮುಳ್ಳು ಸಮೇತ ಅಗಿಯಬಹುದಾದ ಬೊಳೆಂಜಿರ್‌ನಂಥ ಸಣ್ಣ ಮೀನು ಊಟದಲ್ಲಿರಲಿ. ಗಂಜಿಯ ಕೊರತೆಯನ್ನು ತುಂಬುವ ಶಕ್ತಿ ಅದಕ್ಕಿದೆ. ರಾಗಿಯೊಂದರಿಂದಲೇ ತುಂಬಬೇಕೆಂದರೆ ಒಂದು ಲೋಟ ಹಾಲಿಗೆ ಬದಲಾಗಿ 65 ಗ್ರಾಂ ಹಿಟ್ಟು ಬೇಕು. ಗಂಜಿಯಲ್ಲಿ ಅದು ಅಸಾಧ್ಯ, ರಾಗಿ ರೊಟ್ಟಿ, ರಾಗಿ ದೋಸೆಯಲ್ಲಿ ದಿನದಲ್ಲಿ ಹಂಚಿಕೊಂಡರೆ ಸಾಧ್ಯ.

ಶಾಲೆಯಲ್ಲೂ ಹಾಲು, ರಾಗಿ ಮಾಲ್ಟ್ ಕೊಡುತ್ತಾರೆ. ಮನೆಯಲ್ಲೂ ಹಾಲಿನ ಗಂಜಿ ಬೇಕೇ?

ಸರ್ಕಾರಿ ಶಾಲೆ, ಅಂಗನವಾಡಿಗಳಲ್ಲಿ 2013ರಿಂದ ಕ್ಷೀರಭಾಗ್ಯದ 150 ಮಿ.ಲೀ. ಹಾಲು ಇದೆ, 2024ರಿಂದ ಶಾಲೆಗಳಲ್ಲಿ ಅದಕ್ಕೆ ರಾಗಿ ಮಿಶ್ರಣ ಬೆರೆಸಿ ಕೊಡುವುದೂ ಶುರುವಾಗಿದೆ. ಆ ಲೋಟದಲ್ಲಿ ಸುಮಾರು 175 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮಗು ಅದನ್ನು ನಿಜವಾಗಿ ಕುಡಿಯುತ್ತಿದೆ ಎಂದು ಖಚಿತವಿದ್ದರೆ ಮನೆಯಲ್ಲಿ ಅರ್ಧ ಹಾಲಿನ ಗಂಜಿ ಧಾರಾಳ ಸಾಕು. ಭಾನುವಾರ ಮತ್ತು ರಜೆಗಳನ್ನು ಮಾತ್ರ ಮರೆಯಬೇಡಿ.

## ಸ್ವಲ್ಪ ಆಳದ ಪ್ರಶ್ನೆಗಳು

ಬಟ್ಟಲಿನಲ್ಲಿರುವ ಕ್ಯಾಲ್ಸಿಯಂ ಎಲ್ಲವೂ ಮೈಗೆ ಸೇರುತ್ತದೆಯೇ?

ಎಲ್ಲಿಂದ ಬಂದರೂ ಎಲ್ಲವೂ ಸೇರುವುದಿಲ್ಲ. ಹಾಲಿನದ್ದು ಸುಮಾರು ಮೂರನೇ ಒಂದು ಭಾಗ, ರಾಗಿಯದ್ದು ಕಾಲು ಭಾಗದ ಆಸುಪಾಸು ಎಂದು ಇಟ್ಟುಕೊಳ್ಳಬಹುದು. ರಾಗಿಯಲ್ಲಿ ಫೈಟೇಟ್, ಆಕ್ಸಲೇಟ್‌ಗಳು ಅಡ್ಡಗಟ್ಟುತ್ತವೆ. ಮೇಲಿನ ನೀರಿನ ಗಂಜಿಯ 55ರಲ್ಲಿ ಮೈಗೆ ದಕ್ಕುವುದು ಹದಿಮೂರು ಹದಿನಾಲ್ಕು ಮಿಲಿಗ್ರಾಂ. ಅರ್ಧ ಹಾಲಿನ ಗಂಜಿಯಲ್ಲಿ ಐವತ್ತರ ಹತ್ತಿರ. ಅಂತರ ಇನ್ನಷ್ಟು ಹಿಗ್ಗುತ್ತದೆ. ಆದರೂ ರಾಗಿಯ ಕ್ಯಾಲ್ಸಿಯಂ ಮೈಗೆ ಹತ್ತುವುದೇ ಇಲ್ಲ ಎಂಬ ಮಾತು ಅತಿಯಾಯಿತು. ಅದರ ತೊಂದರೆ ಮುಖ್ಯವಾಗಿ ಪ್ರಮಾಣದ್ದು.

ರಾಗಿಯ ಪ್ರೊಟೀನ್, ಹಾಲಿನ ಪ್ರೊಟೀನ್ ಒಂದೇ ಅಲ್ಲವೇ? ಗ್ರಾಂ ಲೆಕ್ಕ ಸಾಲದೇ?

ಗ್ರಾಂ ಲೆಕ್ಕ ಅರ್ಧ ಕಥೆ ಮಾತ್ರ. ಮೈ ಕಟ್ಟಲು ಬೇಕಾದ ಅಮೈನೋ ಆಮ್ಲಗಳಲ್ಲಿ ಲೈಸಿನ್ ಎಂಬುದು ರಾಗಿಯಲ್ಲಿ ಕೊರತೆ. ಒಂದು ಅಮೈನೋ ಆಮ್ಲ ಕಡಿಮೆಯಾದರೆ ಉಳಿದವುಗಳೂ ಪೂರ್ಣವಾಗಿ ಬಳಕೆಯಾಗುವುದಿಲ್ಲ. ಹಾಲಿನಲ್ಲಿ ಲೈಸಿನ್ ಸಮೃದ್ಧ. ಆದ್ದರಿಂದ ಹಾಲು ತನ್ನ ಪ್ರೊಟೀನ್ ಕೊಡುವುದಲ್ಲದೆ ರಾಗಿಯ ಪ್ರೊಟೀನನ್ನೂ ಕೆಲಸಕ್ಕೆ ಹಚ್ಚುತ್ತದೆ. 1969ರಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನದಲ್ಲಿ, ರಾಗಿಯೇ ಮುಖ್ಯವಾಗಿದ್ದ ಊಟಕ್ಕೆ ಲೈಸಿನ್ ಅಥವಾ ಎಲೆಯ ಪ್ರೊಟೀನ್ ಸೇರಿಸಿದಾಗ ಮಕ್ಕಳ ಬೆಳವಣಿಗೆ ಉತ್ತಮವಾಗಿತ್ತು. ಬೇಳೆಯೂ ಲೈಸಿನ್ ಕೊಡುತ್ತದೆ. ಹೆಸರುಬೇಳೆ ಸೇರಿಸಿ ಎಂದು ಮೇಲೆ ಹೇಳಿದ್ದರ ಹಿಂದಿನ ಕಾರಣ ಇದೇ.

ಹಾಗಾದರೆ ಮೂರು ಹೊತ್ತೂ ಪೂರ್ತಿ ಹಾಲಿನಲ್ಲಿ ಮಾಡಿದರೆ ಇನ್ನೂ ಒಳ್ಳೆಯದಲ್ಲವೇ?

ಇಲ್ಲ, ಇಲ್ಲಿ ಹಾಲು ತಿರುಗಿ ಹೊಡೆಯುತ್ತದೆ. ಹಾಲಿನ ಕ್ಯಾಲ್ಸಿಯಂ ಮತ್ತು ಕೇಸಿನ್ ಎಂಬ ಪ್ರೊಟೀನ್ ಧಾನ್ಯದ ಕಬ್ಬಿಣ ಹೀರಿಕೆಯಾಗುವುದನ್ನು ತಗ್ಗಿಸುತ್ತವೆ. ರಾಗಿಯ ಕಬ್ಬಿಣ ಮೊದಲೇ ಅಷ್ಟಕ್ಕಷ್ಟೆ. ದಿನಕ್ಕೆ ಮುಕ್ಕಾಲು ಲೀಟರ್ ಹಾಲು ಹೊಟ್ಟೆಗೆ ಹೋದ ಮಗು ಅನ್ನ, ಬೇಳೆ, ಮೀನು, ಸೊಪ್ಪು ಮುಟ್ಟುವುದಿಲ್ಲ. ತೂಕ ಚೆನ್ನಾಗಿದ್ದರೂ ಬಿಳಿಚಿಕೊಂಡು, ಬೇಗ ದಣಿದು, ಮಣ್ಣು, ಸುಣ್ಣ ತಿನ್ನುವ ಚಟ ಕಾಣಿಸುತ್ತದೆ. ಅಂಥ ಲಕ್ಷಣವಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಎರಡರಿಂದ ಆರು ವರ್ಷದವರಿಗೆ ಗಂಜಿ, ಮೊಸರು ಎಲ್ಲ ಸೇರಿ 400 ಮಿ.ಲೀ. ಆಸುಪಾಸಿನ ಹಾಲು ಸಾಕು. ಬೆಳಗಿನ ಗಂಜಿ ಹಾಲಿನದ್ದಿರಲಿ. ಮಧ್ಯಾಹ್ನದ ಊಟದ ಜೊತೆ ಹಾಲು ಬೇಡ, ನಿಂಬೆಹಣ್ಣೋ ನೆಲ್ಲಿಕಾಯಿಯೋ ಇದ್ದರೆ ಆ ಊಟದ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.

ರಕ್ತದಲ್ಲಿ ಕ್ಯಾಲ್ಸಿಯಂ ನೋಡಿಸಿದೆವು, ಸರಿಯಾಗಿದೆ. ಇನ್ನು ನೀರಿನ ಗಂಜಿ ಸಾಕು ಎಂದು ತಿಳಿಯಬಹುದೇ?

ಆ ಪರೀಕ್ಷೆಯಿಂದ ಊಟದ ಕ್ಯಾಲ್ಸಿಯಂ ಸಾಕೋ ಸಾಲದೋ ತಿಳಿಯುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಸ್ವಲ್ಪ ಇಳಿದರೂ ಪ್ಯಾರಾಥೈರಾಯ್ಡ್ ಹಾರ್ಮೋನು ಮೂಳೆಯಿಂದ ಎಳೆದು ಅದನ್ನು ಸರಿಯಾದ ಮಟ್ಟದಲ್ಲಿ ಇಡುತ್ತದೆ. ಊಟದಲ್ಲಿ ತಿಂಗಳುಗಟ್ಟಲೆ ಕೊರತೆಯಿದ್ದರೂ ವರದಿಯಲ್ಲಿ ಎಲ್ಲ ಸರಿಯಾಗಿಯೇ ಕಾಣಬಹುದು. ನೋಡಬೇಕಾದದ್ದು ಮಗುವಿನ ಎತ್ತರ ವಯಸ್ಸಿಗೆ ತಕ್ಕಂತೆ ಏರುತ್ತಿದೆಯೇ, ಕಾಲು ಬಿಲ್ಲಿನಂತೆ ಬಾಗುತ್ತಿದೆಯೇ, ಮಣಿಕಟ್ಟು ದಪ್ಪವಾಗಿದೆಯೇ, ಹಲ್ಲು ತೀರಾ ತಡವಾಗಿ ಬಂದಿದೆಯೇ ಎಂಬುದನ್ನು. ಇವುಗಳಲ್ಲಿ ಯಾವುದಾದರೂ ಇದ್ದರೆ ವೈದ್ಯರು ಆಲ್ಕಲೈನ್ ಫಾಸ್ಫಟೇಸ್ ಮತ್ತು ವಿಟಮಿನ್ ಡಿ ನೋಡಿಸುತ್ತಾರೆ. ವಿಟಮಿನ್ ಡಿ ಕಡಿಮೆಯಿದ್ದರೆ ಹಾಲಿನ ಗಂಜಿಯ ಕ್ಯಾಲ್ಸಿಯಂ ಕೂಡ ಸರಿಯಾಗಿ ಹೀರಿಕೆಯಾಗುವುದಿಲ್ಲ. ನಾಲ್ಕು ತಿಂಗಳು ಮೋಡ ಮುಚ್ಚಿರುವ ನಮ್ಮ ಕಡೆ, ಫ್ಲ್ಯಾಟ್‌ನಿಂದ ಶಾಲಾ ವಾಹನಕ್ಕೆ, ಅಲ್ಲಿಂದ ತರಗತಿಗೆ ಹೋಗುವ ಮಕ್ಕಳಲ್ಲಿ ಇದನ್ನು ಪ್ರತ್ಯೇಕವಾಗಿ ವಿಚಾರಿಸಬೇಕು.